‘ಸಂಗ್ರಹಿಸುವುದಿಲ್ಲ’ ಅಂದರೆ ಪಡೆಯುವುದಿಲ್ಲವೋ, ಇಟ್ಟುಕೊಳ್ಳುವುದಿಲ್ಲವೋ?

ಎಲ್ಲರಿಗೂ ನಮಸ್ಕಾರ. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವವರಿಗೆ ಹತ್ತಿರದ ಮಾರುಕಟ್ಟೆಯ ದರ ತೋರಿಸುವ ಒಂದು ಆ್ಯಪನ್ನು ನಮ್ಮ ಗೆಳೆಯರು ಮಾಡುತ್ತಿದ್ದಾರೆ. ಅದರ ಪ್ರೈವೆಸಿ ನೋಟಿಸನ್ನು ಕನ್ನಡದಲ್ಲಿ ಬರೆಯುವ ಕೆಲಸ ನನ್ನದು. ಯಾವ ಮಾಹಿತಿ, ಯಾಕೆ, ಎಷ್ಟು ದಿನ, ಇಷ್ಟು ಹೇಳಬೇಕು. ಲೊಕೇಶನ್ ಬಗ್ಗೆ ಹೀಗೆ ಬರೆದಿದ್ದೆ:

“ನಿಮ್ಮ ಲೊಕೇಶನ್ ಮಾಹಿತಿಯನ್ನು ನಾವು ಸಂಗ್ರಹಿಸುವುದಿಲ್ಲ.”

ನಿನ್ನೆ ನಮ್ಮ ಕಾಕಾ ಓದಿ ನೋಡಿದರು. ‘ಹತ್ತಿರದ ದರ’ ಒತ್ತಿದ ಕೂಡಲೇ ಫೋನು ಲೊಕೇಶನ್ ಕೊಡಲೇ ಅಂತ ಕೇಳಿತು. “ಸಂಗ್ರಹಿಸೂದಿಲ್ಲ ಅಂತ ಬರದೀರಿ, ಮತ್ತ ಕೇಳಾಕತ್ತೈತಲ್ಲ?” ಅಂದು ಫೋನ್ ಕೆಳಗಿಟ್ಟರು.

ನಡೆಯುವುದು ಇಷ್ಟೇ. ಲೊಕೇಶನ್ ನಮ್ಮ ಸರ್ವರ್‌ಗೆ ಬರುತ್ತದೆ, ಹತ್ತಿರದ ಮಾರುಕಟ್ಟೆ ಹುಡುಕಿ ದರ ವಾಪಸ್ ಹೋಗುತ್ತದೆ. ಲೊಕೇಶನ್ನನ್ನು ಎಲ್ಲೂ ಬರೆದಿಡುವುದಿಲ್ಲ. ಈ ಎರಡನ್ನೂ ಬೇರೆ ಮಾಡಿ ಹೇಳುವ ಮಾತು ಯಾವುದು?
— ಹಾವೇರಿ

*

ನಿಮ್ಮ ಕಾಕಾ ಹಿಡಿದದ್ದು ಸರಿಯಾಗಿದೆ. ‘ತೆರಿಗೆ ಸಂಗ್ರಹ’ ಅಂದರೆ ವಸೂಲಿ ಮಾಡಿ ತರುವುದು. ‘ಕೆರೆಯಲ್ಲಿ ನೀರು ಸಂಗ್ರಹವಾಗಿದೆ’ ಅಂದರೆ ನಿಂತಿದೆ. ‘ಸಂಗ್ರಹವಾಗಿ ಹೇಳಿ’ ಅಂದರೆ ಚಿಕ್ಕದಾಗಿ ಹೇಳಿ. ಕನ್ನಡಕ್ಕೆ ಹಾಕಿದ ಫೋನಿನಲ್ಲಿ ಸ್ಟೋರೇಜಿಗೂ ‘ಸಂಗ್ರಹಣೆ’ ಅಂತಲೇ ಇರುತ್ತದೆ. ಒಂದು ಪದ ಇಷ್ಟು ಹೊರಲಾರದು.

‘ಶೇಖರಿಸು’ ಹಾಕಿದರೂ ಬಿಡುಗಡೆ ಇಲ್ಲ. ‘ಹಾಲು ಶೇಖರಣೆ’ ಅಂದಾಗ ಮನೆಮನೆಯಿಂದ ತರುವುದೇ ಮನಸ್ಸಿಗೆ ಬರುತ್ತದೆ. ನೋಟಿಸಿನಲ್ಲಿ ‘ಪಡೆಯುತ್ತೇವೆ’, ‘ಇಟ್ಟುಕೊಳ್ಳುತ್ತೇವೆ’ ಅಂತ ಎರಡು ಕ್ರಿಯಾಪದ ಬಳಸಿ, ಕೊನೆಯವರೆಗೂ ಅವನ್ನೇ ನಡೆಸಿ.
— ಧಾರವಾಡ

*

ನನ್ನದೂ ಇದೇ ಗೋಳು. ಹೋದ ವರ್ಷ ಒಂದು ಸಾಲದ ಆ್ಯಪನ್ನು ಫೋನಿನಿಂದ ತೆಗೆದುಹಾಕಿದೆ. ಇವತ್ತಿಗೂ ಮೆಸೇಜ್ ಬರುತ್ತಿವೆ. ಆ್ಯಪ್ ತೆಗೆದರೆ ಮಾಹಿತಿನೂ ಹೋಗುತ್ತದೆ ಅಲ್ವಾ?
— ಗದಗ

*

ಅಕ್ಕಾರೇ, ಹೋಗೋದಿಲ್ಲ. ಫೋನಿನಲ್ಲಿದ್ದ ಆ್ಯಪ್ ಮಾತ್ರ ಹೋಗುತ್ತದೆ, ಸರ್ವರ್‌ನಲ್ಲಿ ಇದ್ದದ್ದು ಇದ್ದೇ ಇರುತ್ತದೆ.

ಹಾವೇರಿಯವರಿಗೆ: ಬಂದು ಹೋಗುವ ಮಾಹಿತಿಯನ್ನು ನೋಟಿಸಿನಲ್ಲಿ ಬರೆಯುವುದೇ ಬೇಕಿಲ್ಲ. ಪ್ಲೇ ಸ್ಟೋರ್ ಫಾರ್ಮಿನಲ್ಲಿ ತುಂಬಿದರೂ, ಉತ್ತರ ಕೊಡುವಷ್ಟು ಹೊತ್ತು ಮಾತ್ರ ಮೆಮೊರಿಯಲ್ಲಿ ಇರುವುದನ್ನು ಅವರು ಬಳಕೆದಾರರಿಗೆ ತೋರಿಸುವುದಿಲ್ಲ.
— ಹುಬ್ಬಳ್ಳಿ, ನವನಗರ

*

ಪ್ಲೇ ಸ್ಟೋರ್ ಮಾತು ನಿಜ, ಆದರೆ ಅದು ಅಂಗಡಿಯ ನಿಯಮ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಕಾನೂನಿನಲ್ಲಿ ಪಡೆಯುವುದು, ಇಡುವುದು, ಬಳಸುವುದು, ಅಳಿಸುವುದು ಎಲ್ಲವೂ ಒಂದೇ ಹೆಸರಿನಡಿ ಬರುತ್ತವೆ. ಹಾಗಾಗಿ ಪಡೆದದ್ದನ್ನೂ ಹೇಳಿ. ಒಪ್ಪಿಗೆ ಕೇಳುವ ಮಾತು ಸರಳವಾಗಿರಬೇಕು, ಕನ್ನಡವೂ ಸೇರಿ ಸಂವಿಧಾನದ ಎಂಟನೇ ಅನುಸೂಚಿಯ 22 ಭಾಷೆಗಳಲ್ಲಿ ಓದಲು ಸಿಗಬೇಕು ಅನ್ನುವುದೂ ಅದೇ ಕಾನೂನು.

ಪದಕ್ಕಿಂತ ಮೊದಲು ಒಂದು ಕೆಲಸ ಮಾಡಿ. ‘ಎಲ್ಲೂ ಬರೆದಿಡುವುದಿಲ್ಲ’ ಅಂದಿರಲ್ಲ, ಸರ್ವರ್‌ನ ಲಾಗ್ ತೆಗೆದು ನೋಡಿದಿರಾ? ಲೊಕೇಶನ್ ವೆಬ್ ವಿಳಾಸದಲ್ಲೇ ಸೇರಿ ಬಂದರೆ ಲಾಗ್‌ನಲ್ಲಿ ಹೀಗೆ ಬಿದ್ದಿರುತ್ತದೆ:

```
GET /rates?lat=14.6732&lon=75.4868 200
```

ಡೇಟಾಬೇಸಿನಲ್ಲಿ ಇಲ್ಲ ಅಂತ ಡೆವಲಪರ್ ಹೇಳುವುದು ಸುಳ್ಳಲ್ಲ. ಆದರೆ ಲಾಗ್ ಎಷ್ಟು ದಿನ ಇರುತ್ತದೋ ಅಷ್ಟು ದಿನ ರೈತ ಯಾವ ಹೊಲದಲ್ಲಿ ನಿಂತಿದ್ದ ಅನ್ನುವುದೂ ಇರುತ್ತದೆ. ಲೊಕೇಶನ್ನನ್ನು ವೆಬ್ ವಿಳಾಸದಲ್ಲಿ ಹಾಕದೆ ರಿಕ್ವೆಸ್ಟಿನ ಒಳಗೆ ಕಳಿಸಿ. ದಶಾಂಶ ಬಿಂದುವಿನ ನಂತರ ಎರಡೇ ಅಂಕಿ ಸಾಕು. ಸುಮಾರು ಒಂದು ಕಿಲೋಮೀಟರ್ ಲೆಕ್ಕಕ್ಕೆ ಸಿಗುತ್ತದೆ, ಮಾರುಕಟ್ಟೆ ಹುಡುಕಲು ಅದಕ್ಕಿಂತ ಜಾಸ್ತಿ ಬೇಡ.
— ಹುಬ್ಬಳ್ಳಿ, ವಿದ್ಯಾನಗರ

*

ಲಾಗ್ ನೋಡಿದೆವು ಸರ್. ಇತ್ತು. 30 ದಿನದ್ದು, ಸಾಲುಸಾಲಾಗಿ. ನನಗೆ ಬಹಳ ಕಸಿವಿಸಿಯಾಯಿತು. ಹಳೆಯ ಲಾಗ್ ಅಳಿಸಿ, ಕಳಿಸುವ ರೀತಿ ಬದಲಿಸಿ, ಮತ್ತೆ ಪರೀಕ್ಷಿಸಿ ಆಮೇಲೆ ಹೀಗೆ ಬರೆದೆ:

“ನೀವು ‘ಹತ್ತಿರದ ದರ’ ಒತ್ತಿದಾಗ ಮಾತ್ರ, ನೀವು ಸುಮಾರಾಗಿ ಎಲ್ಲಿದ್ದೀರಿ ಅನ್ನುವುದನ್ನು ನಿಮ್ಮ ಫೋನಿನಿಂದ ಪಡೆಯುತ್ತೇವೆ. ಹತ್ತಿರದ ಮಾರುಕಟ್ಟೆ ಹುಡುಕಲು ಅದು ಬೇಕು. ದರ ತೋರಿಸಿದ ಮೇಲೆ ಅದನ್ನು ಇಟ್ಟುಕೊಳ್ಳುವುದಿಲ್ಲ. ನಿಮ್ಮ ಮೊಬೈಲ್ ನಂಬರನ್ನು ಲಾಗಿನ್ ಆಗಲು ಪಡೆಯುತ್ತೇವೆ, ಖಾತೆ ಇರುವವರೆಗೆ ಇಟ್ಟುಕೊಳ್ಳುತ್ತೇವೆ. ಖಾತೆ ಅಳಿಸಿದ 30 ದಿನದೊಳಗೆ ಅಳಿಸುತ್ತೇವೆ.”

ಕಾಕಾ ಮೊದಲ ನಾಲ್ಕು ಸಾಲು ಒಪ್ಪಿದರು. ಕೊನೆಯ ಸಾಲಿಗೆ, “ಖಾತೆ ಅಳಸವ್ರು ಯಾರು, ನೀವೋ ನಾನೋ?” ಅಂದರು.
— ಹಾವೇರಿ

*

‘ಅಳಿಸಿದ’ ಅನ್ನುವುದರಲ್ಲಿ ಕರ್ತೃ ಕಾಣುವುದಿಲ್ಲ, ಅದಕ್ಕೇ ಈ ತೊಡಕು. “ಖಾತೆ ಬೇಡ ಎಂದು ನೀವು ತಿಳಿಸಿದ ದಿನದಿಂದ 30 ದಿನದೊಳಗೆ ನಾವು ಅಳಿಸುತ್ತೇವೆ” ಅನ್ನಿ. ‘ತೆಗೆದುಹಾಕು’ ಬೇಡ, ಗದಗಿನ ಅಕ್ಕಾರಿಗೆ ಆದ ಹಾಗೆ ಅದು ಫೋನಿನಿಂದ ಆ್ಯಪ್ ತೆಗೆಯುವುದಕ್ಕೆ ರೂಢಿಯಾಗಿಬಿಟ್ಟಿದೆ.
— ಧಾರವಾಡ

*

ನನಗೆ ‘ಅಳಿಸು’ ಅಂದರೆ ಪಾಟಿ ಒರೆಸಿದ ಹಾಗೆ, ಗುರುತು ಉಳಿದೇ ಇರುತ್ತದೆ ಅನ್ನಿಸುತ್ತದೆ. ಬ್ಯಾಕಪ್ಪಿನಿಂದಲೂ ಹೋಯಿತು ಅಂತ ಒಂದೇ ಮಾತಿನಲ್ಲಿ ತಿಳಿಯುವ ಕ್ರಿಯಾಪದ ಯಾರ ಬಾಯಲ್ಲಾದರೂ ಇದೆಯಾ?
— ಗದಗ