ರೌಟರ್ ಅಡ್ಮಿನ್ ಪಾಸ್‌ವರ್ಡ್ ಮರೆತಾಗ: ರೀಸೆಟ್ ಒತ್ತುವ ಮೊದಲು

ಮಳೆಹನಿ (ಪ್ರಶ್ನೆ): ರೌಟರ್ ಸೆಟ್ಟಿಂಗ್ ಪುಟದ (192.168.0.1) ಪಾಸ್‌ವರ್ಡ್ ಮರೆತುಹೋಗಿದೆ. ವೈಫೈ, ಇಂಟರ್ನೆಟ್ ಎರಡೂ ಸರಿಯಾಗೇ ನಡೀತಿವೆ. ಹಿಂದಿನ ತೂತಿನಲ್ಲಿ ಪಿನ್ ಒತ್ತಿ ರೀಸೆಟ್ ಮಾಡಿಬಿಡಲಾ, ಬೇರೆ ದಾರಿ ಇದೆಯಾ? ಪ್ರಿಂಟರ್, ಕ್ಯಾಮೆರಾ, ಟಿವಿ ಎಲ್ಲ ಇದಕ್ಕೇ ಸೇರಿವೆ. ಮಾಡಿ ಗೊತ್ತಿರೋರು ಹೇಳಿ.

ಬೆಳ್ಳಕ್ಕಿ: ರೀಸೆಟ್ ಬೇಕಾಗಿಲ್ಲ. ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಕಮಾಂಡ್ ಪ್ರಾಂಪ್ಟ್ ತೆಗೆದು ಇದನ್ನು ಕೊಡಿ. HomeNet ಇರುವ ಜಾಗದಲ್ಲಿ ನಿಮ್ಮ ವೈಫೈ ಹೆಸರು ಹಾಕಿ.

```
netsh wlan show profile name="HomeNet" key=clear
```

Key Content ಅನ್ನೋ ಸಾಲಿನಲ್ಲಿ ಪಾಸ್‌ವರ್ಡ್ ಕಾಣಿಸುತ್ತೆ.

ತಂತಿಜಾಲ: ಬೆಳ್ಳಕ್ಕಿಯವರೇ, ಅದು ವೈಫೈ ಪಾಸ್‌ವರ್ಡ್. ಅವರು ಕೇಳಿದ್ದು ಸೆಟ್ಟಿಂಗ್ ಪುಟದ್ದು, ಅದು ಬೇರೆ. ಆದರೂ ಈ ಕಮಾಂಡ್ ಈಗಲೇ ಕೊಟ್ಟು, ಬಂದ ಪಾಸ್‌ವರ್ಡನ್ನು ದೊಡ್ಡಕ್ಷರ ಸಣ್ಣಕ್ಷರ ಸಮೇತ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ರೀಸೆಟ್ ಮಾಡಬೇಕಾಗಿ ಬಂದರೆ ಇದೇ ದೊಡ್ಡ ಆಸರೆ. ಯಾಕೆ ಅಂತ ಆಮೇಲೆ ಹೇಳ್ತೀನಿ. ಒಮ್ಮೆ ಅಡ್ಮಿನ್ ಪುಟದಲ್ಲೂ ಅದನ್ನೇ ಹಾಕಿ ನೋಡಿ, ಎರಡಕ್ಕೂ ಒಂದೇ ಇಟ್ಟವರು ಬಹಳ ಜನ.

ಮಳೆಹನಿಯವರೇ, ಮೊದಲು ಬ್ರೌಸರ್‌ನಲ್ಲಿ ಹುಡುಕಿ. ಹಿಂದೆ ಯಾವ ಲ್ಯಾಪ್‌ಟಾಪ್‌ನಿಂದ ರೌಟರ್ ಪುಟ ತೆಗೆದಿದ್ದಿರೋ ಅದರಲ್ಲೇ ನೋಡಬೇಕು. ಕ್ರೋಮ್ ಆದರೆ chrome://password-manager/passwords, ಫೈರ್‌ಫಾಕ್ಸ್ ಆದರೆ about:logins ಅಂತ ವಿಳಾಸದ ಜಾಗದಲ್ಲಿ ಹಾಕಿ, ಹುಡುಕುವ ಪೆಟ್ಟಿಗೆಯಲ್ಲಿ 192.168 ಅಂತ ಕೊಡಿ. ರೌಟರ್ ತಯಾರಿಸಿದ ಕಂಪನಿಯ ಹೆಸರು ಕೊಟ್ಟು ಹುಡುಕಿದರೆ ಸಿಗಲ್ಲ, ಯಾಕಂದ್ರೆ ಅದು ಐಪಿ ವಿಳಾಸದ ಹೆಸರಲ್ಲೇ ಉಳಿದಿರುತ್ತೆ. ಎರಡನೆಯದು, ಮನೆಯವರ ಯಾರ ಫೋನಿನಲ್ಲಾದರೂ ರೌಟರ್ ಆ್ಯಪ್ ಲಾಗಿನ್ ಆಗಿಯೇ ಇದೆಯಾ ನೋಡಿ. ಕೆಲವು ಆ್ಯಪ್‌ಗಳು ಇಮೇಲ್ ಖಾತೆಯ ಮೂಲಕ ಒಳಗೆ ಬಿಡುತ್ತವೆ, ಆ ಖಾತೆಯ ಪಾಸ್‌ವರ್ಡನ್ನು ಇಮೇಲ್‌ನಿಂದಲೇ ಬದಲಿಸಬಹುದು.

ರೌಟರ್ ತಳದ ಚೀಟಿಯನ್ನೂ ಓದಿ. ಅಲ್ಲಿರೋದು ಕಾರ್ಖಾನೆಯ ಪಾಸ್‌ವರ್ಡ್, ನೀವು ಬದಲಿಸಿದ್ದರೆ ಅದು ನಡೆಯಲ್ಲ. ಚೀಟಿಯಲ್ಲಿ ಬರೀ ವೈಫೈ ಪಾಸ್‌ವರ್ಡ್ ಇದ್ದು ಅಡ್ಮಿನ್ ಪಾಸ್‌ವರ್ಡ್ ಇಲ್ಲದಿದ್ದರೆ, ಮೊದಲ ಸಲ ತೆರೆದಾಗ ನಿಮ್ಮಿಂದಲೇ ಹೊಸದು ಕೇಳಿರುವ ಮಾದರಿ ಅದು. ಅಂಥದ್ದರಲ್ಲಿ admin, 1234 ಅಂತ ಊಹಿಸುತ್ತಾ ಕೂರಬೇಡಿ. ಕೆಲವು ಸಲ ತಪ್ಪಾದರೆ ಪುಟ ಸ್ವಲ್ಪ ಹೊತ್ತು ಬೀಗ ಹಾಕಿಕೊಳ್ಳುತ್ತೆ. ಆ ಹೊತ್ತಿನಲ್ಲಿ ಸರಿಯಾದ ಪಾಸ್‌ವರ್ಡ್ ಹಾಕಿದರೂ ಒಳಗೆ ಬಿಡದೆ, ಅದೂ ತಪ್ಪೇ ಅಂತ ನೀವು ತಿಳಿದುಬಿಡ್ತೀರಿ.

ಹಳೇಸ್ವಿಚ್: ಇಷ್ಟೆಲ್ಲ ಯಾಕೆ? 30-30-30 ಮಾಡಿ. ರೀಸೆಟ್ ಒತ್ತಿ ಹಿಡಿದು 30 ಸೆಕೆಂಡು, ಹಿಡಿದ ಹಾಗೇ ಕರೆಂಟ್ ತೆಗೆದು 30, ಮತ್ತೆ ಕರೆಂಟ್ ಕೊಟ್ಟು 30. ಎಂಥ ರೌಟರ್ ಆದರೂ ಪೂರ್ತಿ ಸ್ವಚ್ಛ ಆಗುತ್ತೆ. ಇಂಟರ್ನೆಟ್ ಸೆಟ್ಟಿಂಗ್ ಸಂಪರ್ಕ ಕೊಟ್ಟ ಕಂಪನಿಯ ಕಡೆಯಿಂದ ತಾನಾಗೇ ಬಂದುಬಿಡುತ್ತೆ.

ತಂತಿಜಾಲ: ಎರಡೂ ಮಾತು ಅರ್ಧ ಸರಿ. 30-30-30 ಹಳೆಯ ಕೆಲವು ರೌಟರ್‌ಗಳಿಗೆ, ಅದರಲ್ಲೂ ಬೇರೆ ಫರ್ಮ್‌ವೇರ್ ಹಾಕುವವರಿಗೆ ಇದ್ದ ಕ್ರಮ. ಈಗಿನ ಹಲವು ಮಾದರಿಗಳಲ್ಲಿ ರೀಸೆಟ್ ಒತ್ತಿಕೊಂಡೇ ಕರೆಂಟ್ ಕೊಟ್ಟರೆ ಅದು ರಿಕವರಿ ಸ್ಥಿತಿಗೆ ಹೋಗಿ ಫರ್ಮ್‌ವೇರ್ ಫೈಲ್‌ಗಾಗಿ ಕಾಯುತ್ತಾ ಕೂರುತ್ತೆ. ಮನೆಯವರಿಗೆ ರೌಟರ್ ಸತ್ತೇಹೋಯಿತು ಅನ್ನಿಸುತ್ತೆ. ಕರೆಂಟ್ ಇದ್ದಾಗಲೇ ಒತ್ತಿ ಹಿಡಿಯೋದು ಸಾಕು.

ತಾನಾಗೇ ಬರುತ್ತೆ ಅನ್ನೋದು ಕಂಪನಿಯೇ ಕೊಟ್ಟು ದೂರದಿಂದ ನೋಡಿಕೊಳ್ಳುವ ಪೆಟ್ಟಿಗೆಗಳ ಮಟ್ಟಿಗೆ ಎಷ್ಟೋ ಸಲ ನಿಜ. ನೀವೇ ಕೊಂಡುತಂದ ರೌಟರ್‌ನಲ್ಲಿ PPPoE, ಅಂದರೆ ಕಂಪನಿಯ ಜಾಲಕ್ಕೆ ಲಾಗಿನ್ ಆಗುವ ಹೆಸರು ಮತ್ತು ಪಾಸ್‌ವರ್ಡ್ ಕೂತಿದ್ದರೆ, ರೀಸೆಟ್ ಆದ ಕ್ಷಣ ಅವು ಹೋದವು, ತಾವಾಗಿ ವಾಪಸ್ ಬರಲ್ಲ. ರೀಸೆಟ್ ಮಾಡೋದು ಸುಲಭ, ಮತ್ತೆ ಇಂಟರ್ನೆಟ್ ಹತ್ತಿಸೋದೇ ಕೆಲಸ. ಹಾಗಾಗಿ ಮೊದಲು ತಿಳಿಯಬೇಕಾದ್ದು ಆ ಲಾಗಿನ್ ಯಾವ ಪೆಟ್ಟಿಗೆಯಲ್ಲಿದೆ ಅನ್ನೋದು. ಒಳಗೆ ಹೋಗದೆಯೂ ಇದನ್ನು ಕಂಡುಕೊಳ್ಳಬಹುದು. ಲ್ಯಾಪ್‌ಟಾಪ್ ಆ ರೌಟರ್‌ಗೇ ಸೇರಿರುವಾಗ ಇದನ್ನು ಕೊಟ್ಟು, ಮೊದಲ ಎರಡು ಸಾಲು ಇಲ್ಲಿ ಹಾಕಿ. ಗೋಡೆಯ ಹತ್ತಿರ ಬೇರೆ ಫೈಬರ್ ಪೆಟ್ಟಿಗೆ ಇದೆಯಾ ಅದನ್ನೂ ಹೇಳಿ.

```
tracert -d 8.8.8.8
```

ಮಳೆಹನಿ: ಬ್ರೌಸರ್‌ನಲ್ಲಿ ಹುಡುಕಿದೆ, ಏನೂ ಉಳಿದಿಲ್ಲ. ಆ್ಯಪ್ ಯಾರ ಫೋನಿನಲ್ಲೂ ಇಲ್ಲ. ಫೈಬರ್ ಪೆಟ್ಟಿಗೆ ಬೇರೆ ಇದೆ, ಅದರಿಂದ ಒಂದು ಕೇಬಲ್ ರೌಟರ್‌ಗೆ ಬರುತ್ತೆ. ಮೊದಲ ಸಾಲು 192.168.0.1, ಎರಡನೆಯದು 100.66ರಿಂದ ಶುರುವಾಗುತ್ತೆ.

ತಂತಿಜಾಲ: ಹಾಗಾದರೆ ಲಾಗಿನ್ ನಿಮ್ಮ ರೌಟರ್‌ನಲ್ಲೇ ಇರುವ ಸಂಭವ ಹೆಚ್ಚು. ಎರಡನೇ ಸಾಲಿನಲ್ಲಿ 192.168.1.1 ಥರದ್ದು ಬಂದು, ಆ ವಿಳಾಸ ತೆರೆದಾಗ ಫೈಬರ್ ಪೆಟ್ಟಿಗೆಯ ಪುಟ ಕಾಣಿಸಿದ್ದರೆ, ಲಾಗಿನ್ ಆ ಪೆಟ್ಟಿಗೆಯೇ ನೋಡಿಕೊಳ್ತಿದೆ ಅಂತ ಅರ್ಥ. ಆಗ ರೌಟರ್ ಸಾಮಾನ್ಯವಾಗಿ Dynamic IP ಮೇಲೆ ಇರುತ್ತೆ, ರೀಸೆಟ್ ಮಾಡಿದರೂ ಎರಡು ನಿಮಿಷದಲ್ಲಿ ಇಂಟರ್ನೆಟ್ ಬರುತ್ತೆ. ನಿಮ್ಮದರಲ್ಲಿ ರೌಟರ್ ದಾಟಿದ ತಕ್ಷಣ ಕಂಪನಿಯ ಜಾಲ ಸಿಕ್ಕಿದೆ. 100.64ರಿಂದ 100.127ರವರೆಗಿನ ವಿಳಾಸಗಳು ಕಂಪನಿಗಳು ಗ್ರಾಹಕರಿಗೆ ಹಂಚಿಕೊಡುವ ಒಳವಿಳಾಸಗಳು.

ಆದ್ದರಿಂದ ಇಂಟರ್ನೆಟ್ ನಡೀತಿರುವಾಗಲೇ ಕಂಪನಿಗೆ ಫೋನ್ ಮಾಡಿ ಮೂರು ವಿಷಯ ಕೇಳಿ: ಸಂಪರ್ಕ PPPoE ಹೌದೋ ಅಲ್ಲವೋ, ಹೌದಾದರೆ ಬಳಕೆದಾರ ಹೆಸರು ಮತ್ತು ಪಾಸ್‌ವರ್ಡ್, VLAN ಸಂಖ್ಯೆ ಏನಾದರೂ ಹಾಕಬೇಕಾ. ಹಳೇ ಪಾಸ್‌ವರ್ಡ್ ಹೇಳಲು ಆಗಲ್ಲ ಅಂದರೆ ಹೊಸದು ಇಟ್ಟುಕೊಡ್ತಾರೆ. ಸಂಪರ್ಕ ಒಂದು MAC ವಿಳಾಸಕ್ಕೆ, ಅಂದರೆ ಒಂದೇ ಸಾಧನದ ಗುರುತಿಗೆ ಕಟ್ಟಿದೆಯಾ ಅಂತಲೂ ಕೇಳಿ. ರೌಟರ್‌ನಲ್ಲಿ ಬೇರೆ MAC ನಕಲು ಹಾಕಿದ್ದರೆ ರೀಸೆಟ್‌ನಲ್ಲಿ ಅದೂ ಅಳಿಸಿಹೋಗಿ, ಪಾಸ್‌ವರ್ಡ್ ಸರಿಯಿದ್ದರೂ ಆ ಕಡೆಯವರು ಒಳಗೆ ಬಿಡಲ್ಲ.

ಕಡಲತಡಿ: ನಡುವೆ ನನ್ನದೊಂದು. ನಮ್ಮಲ್ಲಿರೋದು ಮೆಶ್, ಒಂದು ಮುಖ್ಯ, ಎರಡು ಉಪ. ಅಡ್ಮಿನ್ ಪಾಸ್‌ವರ್ಡ್ ಇಲ್ಲ. ಬರೀ ಮುಖ್ಯದ್ದನ್ನು ರೀಸೆಟ್ ಮಾಡಿದರೆ ಸಾಕಾ?

ತಂತಿಜಾಲ: ಸಾಕಾಗೋದು ಕಷ್ಟ. ಉಪ ಪೆಟ್ಟಿಗೆಗಳು ಹಳೇ ಮುಖ್ಯದ ಗುರುತನ್ನೇ ಹುಡುಕುತ್ತಾ ಕೂರುತ್ತವೆ, ಸಾಮಾನ್ಯವಾಗಿ ಮೂರನ್ನೂ ರೀಸೆಟ್ ಮಾಡಿ ಒಂದೊಂದಾಗಿ ಮತ್ತೆ ಸೇರಿಸಬೇಕು. ಮೆಶ್‌ಗಳು ಹೆಚ್ಚಾಗಿ ಖಾತೆಗೆ ಕಟ್ಟಿಕೊಂಡಿರುವುದರಿಂದ ಮೊದಲು ಆ್ಯಪ್‌ನಲ್ಲಿ ಖಾತೆಯ ಪಾಸ್‌ವರ್ಡ್ ಬದಲಿಸಿ ನೋಡಿ.

ಮಳೆಹನಿ: ಕಂಪನಿಯವರು PPPoE ಅಂದರು. ಹೆಸರು, ಹೊಸ ಪಾಸ್‌ವರ್ಡ್ ಕೊಟ್ಟಿದ್ದಾರೆ. VLAN ಬೇಡವಂತೆ, MAC ಕಟ್ಟಿಲ್ಲವಂತೆ. ಇನ್ನು ಒತ್ತಬಹುದಾ? ನನ್ನ ರೌಟರ್ ಗುಂಡಿಯ ಮೇಲೆ WPS/RESET ಅಂತ ಎರಡೂ ಬರೆದಿದೆ. ಹಿಂದೆ ತೆಗೆದಿಟ್ಟ config.bin ಅನ್ನೋ ಬ್ಯಾಕಪ್ ಫೈಲ್ ಲ್ಯಾಪ್‌ಟಾಪ್‌ನಲ್ಲಿ ಸಿಕ್ತು.

ತಂತಿಜಾಲ: ಒತ್ತಬಹುದು. ಅದಕ್ಕೂ ಮುಂಚೆ ipconfig ಕೊಟ್ಟು Default Gateway ಬರೆದಿಡಿ, arp -a ಕೊಟ್ಟು ಪ್ರಿಂಟರ್ ಮತ್ತು ಕ್ಯಾಮೆರಾದ ವಿಳಾಸಗಳನ್ನೂ ಬರೆದಿಡಿ. ಆ ಪಟ್ಟಿಯಲ್ಲಿ ಇತ್ತೀಚೆಗೆ ಲ್ಯಾಪ್‌ಟಾಪ್ ಮಾತಾಡಿದ ಸಾಧನಗಳಷ್ಟೇ ಬರುತ್ತವೆ, ಹಾಗಾಗಿ ಮೊದಲು ಲ್ಯಾಪ್‌ಟಾಪ್‌ನಿಂದ ಒಂದು ಪುಟ ಮುದ್ರಿಸಿ, ಕ್ಯಾಮೆರಾವನ್ನೂ ಒಮ್ಮೆ ತೆರೆದು ಆಮೇಲೆ ಕೊಡಿ.

ಎರಡು ಹೆಸರಿರುವ ಗುಂಡಿಯಲ್ಲಿ ಚಿಕ್ಕದಾಗಿ ಒತ್ತಿದರೆ ಪಾಸ್‌ವರ್ಡ್ ಹಾಕದೆ ಸಾಧನ ಸೇರಿಸುವ WPS ಶುರುವಾಗುತ್ತೆ, ರೀಸೆಟ್ ಆಗಲ್ಲ. ಒಂದು ದೀಪ ಮಿನುಗಿದ್ದನ್ನು ನೋಡಿ ಆಯಿತು ಅಂದುಕೊಂಡವರು ಬಹಳ. ರೌಟರ್ ಚಾಲೂ ಇದ್ದಾಗಲೇ 10 ಸೆಕೆಂಡು ಬಿಡದೆ ಒತ್ತಿ, ಎಲ್ಲ ದೀಪಗಳ ಚಹರೆ ಒಟ್ಟಿಗೆ ಬದಲಾದಾಗ ಬಿಡಿ. ಆಮೇಲೆ ಮೂರು ನಿಮಿಷ ಕರೆಂಟ್ ಮುಟ್ಟಬೇಡಿ. ಆಗಿದೆ ಅನ್ನೋದಕ್ಕೆ ಖಚಿತ ಗುರುತು: ಫೋನಿನ ಪಟ್ಟಿಯಿಂದ ನಿಮ್ಮ ವೈಫೈ ಹೆಸರು ಮಾಯವಾಗಿ, ತಳದ ಚೀಟಿಯಲ್ಲಿರೋ ಹೆಸರು ಕಾಣಿಸಿಕೊಳ್ಳುತ್ತೆ. ಹಳೇ ಹೆಸರೇ ಇದ್ದರೆ ಅದು ಬರೀ ರೀಸ್ಟಾರ್ಟ್ ಆಗಿದೆ.

ಈಗ ಬರೆದಿಟ್ಟ ಕಾಗದ ತೆಗೀರಿ. ಹೊಸ ಅಡ್ಮಿನ್ ಪಾಸ್‌ವರ್ಡ್ ಇಟ್ಟ ಮೇಲೆ ವೈಫೈ ಹೆಸರು ಮತ್ತು ಪಾಸ್‌ವರ್ಡನ್ನು ಮೊದಲಿದ್ದ ಹಾಗೇ, ಒಂದಕ್ಷರವೂ ಬದಲಿಸದೆ ಕೊಡಿ. ಟಿವಿ, ಪ್ರಿಂಟರ್, ಕ್ಯಾಮೆರಾ ಅದೇ ಜಾಲ ಅಂದುಕೊಂಡು ತಾವೇ ಸೇರಿಕೊಳ್ಳುತ್ತವೆ, ಸಾಮಾನ್ಯವಾಗಿ ಯಾವುದನ್ನೂ ಮತ್ತೆ ವೈಫೈಗೆ ಸೇರಿಸೋ ಕೆಲಸ ಇರಲ್ಲ. ಬರೀ ಪ್ರಿಂಟರ್ ಸೇರದಿದ್ದರೆ ಭದ್ರತೆ WPA3 ಆಗಿದೆಯಾ ನೋಡಿ WPA2ಗೆ ತನ್ನಿ.

config.bin ಬಗ್ಗೆ ಎಚ್ಚರ. ಅದನ್ನು ವಾಪಸ್ ಹಾಕಿದರೆ ಹಳೇ ಸೆಟ್ಟಿಂಗ್ ಎಲ್ಲ ಬರುತ್ತೆ ನಿಜ, ಜೊತೆಗೆ ನೀವು ಮರೆತ ಅದೇ ಅಡ್ಮಿನ್ ಪಾಸ್‌ವರ್ಡೂ ಬಂದು ಮತ್ತೆ ಹೊರಗೇ ಉಳೀತೀರಿ.

ಹಳೇಸ್ವಿಚ್: ಎಲ್ಲ ಮಾದರಿಗಳಲ್ಲೂ ಅಡ್ಮಿನ್ ಪಾಸ್‌ವರ್ಡ್ ಬ್ಯಾಕಪ್‌ನಲ್ಲಿ ಇರುತ್ತೆ ಅಂತ ಹೇಳಕ್ಕಾಗಲ್ಲ. ಹಾಕಿ ನೋಡಲಿ, ಬೀಗ ಬಿದ್ದರೆ ಇನ್ನೊಮ್ಮೆ ರೀಸೆಟ್. ಅದಕ್ಕೂ ಮೊದಲು RouterPassView ಅನ್ನೋ ಪುಟ್ಟ ಪ್ರೋಗ್ರಾಂನಲ್ಲಿ ಆ ಫೈಲ್ ತೆರೆದು ನೋಡಲಿ. ಕೆಲವು ಮಾದರಿಗಳ ಬ್ಯಾಕಪ್ ಅದು ಓದುತ್ತೆ. ಓದಿದರೆ ರೀಸೆಟ್ಟೇ ಬೇಡ.

ತಂತಿಜಾಲ: ಒಪ್ಪಿದೆ, ಅದನ್ನೇ ಮೊದಲು ಮಾಡಿ. ಓದಿದರೆ ಇಡೀ ಕೆಲಸ ಐದು ನಿಮಿಷದ್ದು.

ಮಳೆಹನಿ: RouterPassView ಫೈಲ್ ಓದಲಿಲ್ಲ, ರೀಸೆಟ್ ಮಾಡಿದೆ. ವೈಫೈ ಹಳೇ ಹೆಸರಲ್ಲೇ ಬಂತು, ಟಿವಿ ತಾನೇ ಸೇರಿಕೊಂಡಿತು. ಆದರೆ PPPoE ಪುಟದಲ್ಲಿ Connecting ಅಂತಲೇ ಇದೆ.

ತಂತಿಜಾಲ: ಹಳೇ ಸಂಪರ್ಕ ಕಂಪನಿಯ ಕಡೆ ಇನ್ನೂ ತೆರೆದುಕೊಂಡಿರಬಹುದು. ಒಂದು ಹೆಸರಿಗೆ ಒಂದೇ ಸಂಪರ್ಕ ಬಿಡುವ ಕಡೆ ಹೀಗಾಗುತ್ತೆ. ಫೈಬರ್ ಪೆಟ್ಟಿಗೆ, ರೌಟರ್ ಎರಡನ್ನೂ ಐದು ನಿಮಿಷ ಆರಿಸಿಡಿ, ಮೊದಲು ಪೆಟ್ಟಿಗೆ, ಅದರ ದೀಪ ನೆಟ್ಟಗಾದ ಮೇಲೆ ರೌಟರ್ ಹಾಕಿ. ಆಗಲೂ ಬರದೆ Authentication failed ಅಂತ ತೋರಿಸಿದರೆ ಹೆಸರಿನಲ್ಲೋ ಪಾಸ್‌ವರ್ಡ್‌ನಲ್ಲೋ ತಪ್ಪಿದೆ. @ ನಂತರದ ಭಾಗ ಬಿಟ್ಟುಹೋಗಿದೆಯಾ ನೋಡಿ.

ಮಳೆಹನಿ: ಆರಿಸಿ ಹಾಕಿದ ಮೇಲೆ ಬಂತು. ಪ್ರಿಂಟರ್ ಮಾತ್ರ ಬೇರೆ ವಿಳಾಸ ತಗೊಂಡಿದೆ, ಲ್ಯಾಪ್‌ಟಾಪ್‌ಗೆ ಸಿಗ್ತಿಲ್ಲ.

ತಂತಿಜಾಲ: Address Reservation ಪುಟದಲ್ಲಿ ಪ್ರಿಂಟರ್‌ನ MAC ಎದುರು ಹಳೇ ವಿಳಾಸ ಬರೆದು, ಪ್ರಿಂಟರ್ ಆರಿಸಿ ಹಾಕಿ. ಆ MAC ನಿಮ್ಮ arp ಪಟ್ಟಿಯಲ್ಲೇ ಇದೆ.

ಬೆಳ್ಳಕ್ಕಿ: ಹಾಗಾದರೆ ಪಾಸ್‌ವರ್ಡ್ ಗೊತ್ತಿದ್ದರೆ ರೀಸೆಟ್ ಯಾವತ್ತೂ ಬೇಡವಾ?

ತಂತಿಜಾಲ: ಬೇಕಾಗೋದಿದೆ. ಬೇರೆಯವರು ಬಳಸಿದ ರೌಟರ್ ನಿಮ್ಮ ಕೈಗೆ ಬಂದರೆ ಪಾಸ್‌ವರ್ಡ್ ಗೊತ್ತಿದ್ದರೂ ರೀಸೆಟ್ ಮಾಡಿಯೇ ಬಳಸಿ. ನೀವು ಹಾಕದ DNS ವಿಳಾಸ ಒಳಗೆ ಕಂಡರೆ, ಪಾಸ್‌ವರ್ಡ್ ಮರೆತದ್ದಲ್ಲ, ಯಾರೋ ಬದಲಿಸಿದ್ದಾರೆ ಅನ್ನಿಸಿದರೂ ಅಷ್ಟೇ. ಕಂಪನಿಯೇ ಕೊಟ್ಟ ಪೆಟ್ಟಿಗೆಯನ್ನು ಮಾತ್ರ ಅವರನ್ನು ಕೇಳದೆ ಒತ್ತಬೇಡಿ. ಫೈಬರ್ ಗುರುತು, ಫೋನ್ ಸಂಪರ್ಕ ಕೂಡ ಅದರಲ್ಲೇ ಇದ್ದರೆ ಅವರ ಕೆಲಸಗಾರರು ಬರುವ ತನಕ ಕಾಯಬೇಕಾಗುತ್ತೆ.

ಹಳೇಸ್ವಿಚ್: ರೀಸೆಟ್ ಆದ ಮೇಲೆ ಹೊಸ ಪಾಸ್‌ವರ್ಡ್ ಇಡೋ ತನಕ ಹೊರಗಿನ ಕೇಬಲ್ ಕಿತ್ತಿಡಬೇಕು ಅಂತ ನನ್ನ ಅಭಿಪ್ರಾಯ.

ತಂತಿಜಾಲ: ಬ್ರೌಸರ್‌ನಿಂದ ಹೊಂದಿಸುವವಕ್ಕೆ ಸರಿ. ಆ್ಯಪ್‌ನಿಂದಲೇ ಹೊಂದಿಸುವ ಕೆಲವು ಮಾದರಿಗಳು ಇಂಟರ್ನೆಟ್ ಸಿಗದೆ ಮುಂದಕ್ಕೇ ಹೋಗಲ್ಲ. ಅಂಥದ್ದಕ್ಕೆ ಕೇಬಲ್ ಇರಲೇಬೇಕು.

ಹಳೇಸ್ವಿಚ್: ಹಾಗಿದ್ದರೂ ಮೊದಲು ಕಿತ್ತೇ ಶುರುಮಾಡಿ, ಆ್ಯಪ್ ಕೇಳಿದಾಗ ಹಾಕಿ ಅಂತೀನಿ.