355 ಅಂತ ಓದಬೇಕಾ, 365 ಅಂತಲಾ?

ಮಲ್ಪೆ ಟೀಚರ್: ಮಳೆ ರಜೆಯಲ್ಲಿ ಮೂರನೇ ಕ್ಲಾಸಿನವರು ವರ್ಕ್‌ಶೀಟ್ ಫೋಟೋ ಕಳಿಸಿದ್ದಾರೆ. ಒಬ್ಬನ 248 + 117ರ ಉತ್ತರದಲ್ಲಿ ನಡುವಿನ ಅಂಕಿ ಉಜ್ಜಿಹೋಗಿದೆ. 355 ಅಂತಲೂ ಕಾಣುತ್ತದೆ, 365 ಅಂತಲೂ ಕಾಣುತ್ತದೆ. ಸರಿ ಹಾಕಲಾ, ಬಿಡಲಾ?

ಸುರತ್ಕಲ್ ಟ್ಯೂಷನ್: ಸರಿ ಹಾಕಿ ಟೀಚರ್. ಅದೇ ಹಾಳೆಯಲ್ಲಿ ಅವನ ಬೇರೆ 6 ಹೇಗುಂಟು ನೋಡಿ. ಅದಕ್ಕೆ ಹೋಲಿದರೆ ಮುಗಿಯಿತು.

ಕಾಪು ಮಾಸ್ಟ್ರು: ಹೋಲಿಸಿ ನೋಡುವುದು ಸರಿ. ಆದರೆ 6ರ ಜೊತೆ ಮಾತ್ರ ಹೋಲಿಸಿದರೆ ಸಾಲದು. ದಶಕ 1 ಸೇರಿಸಲು ಮರೆತರೆ ಬರುವ ಉತ್ತರವೇ 355. ಈ ಲೆಕ್ಕ ಕೊಟ್ಟದ್ದೇ ಅದನ್ನು ತಿಳಿಯಲಿಕ್ಕೆ ಅಲ್ವಾ? 365 ಅಂತ ಮನಸ್ಸಲ್ಲಿಟ್ಟುಕೊಂಡು ನೋಡಿದರೆ ಕಣ್ಣಿಗೆ 6 ಕಂಡೇ ಕಾಣುತ್ತದೆ. ಹಾಗಾಗಿ ನಾನು ಮೊದಲು ಅಂಕಿ ಓದಿ ಬರೆದಿಡುತ್ತೇನೆ, ಆಮೇಲೆ ಉತ್ತರ ನೋಡುತ್ತೇನೆ.

ಇನ್ನೊಂದು ವಿಷಯ. ಕೂಡುವಾಗ ಮಕ್ಕಳು ಬಲದಿಂದ ಎಡಕ್ಕೆ ಬರೆಯುತ್ತಾರೆ. ಬಲಗೈ ಮಗುವಿನ ಅಂಗೈ ಆಗಷ್ಟೇ ಬರೆದ ಅಂಕಿಯ ಮೇಲೆಯೇ ಇರುತ್ತದೆ, ಪೆನ್ಸಿಲಿನ ಪುಡಿಯನ್ನು ಎಡಕ್ಕೆ ಎಳೆಯುತ್ತದೆ. 5ರ ಹೊಟ್ಟೆ ತೆರೆದಿರುವುದೂ ಎಡಕ್ಕೇ. ಅಲ್ಲಿ ಪುಡಿ ತುಂಬಿದರೆ 5 ಕೂಡ 6ರ ಹಾಗೆ ಕಾಣುತ್ತದೆ. ಕೊನೆಯ 5 ಚೆನ್ನಾಗಿ ಕಾಣುತ್ತದಲ್ವಾ, ಅದರ ತಲೆಗೆರೆ ನೋಡಿ. ಉಜ್ಜಿದ ಅಂಕಿಯಲ್ಲೂ ಬಲಕ್ಕೆ ಚಾಚಿದ ಅಂಥ ಗೆರೆ ಇದ್ದರೆ ಅದು 5.

ಕದ್ರಿ ಅಮ್ಮ: ನನ್ನ ಮಗಳ 7 ಅನ್ನು 1 ಅಂತ ಓದಿ ತಪ್ಪು ಹಾಕಿದ್ದರು. ಮಗು ರಾತ್ರಿ ಊಟ ಮಾಡಲಿಲ್ಲ. ದಯವಿಟ್ಟು ಸುಮ್ನೆ ತಪ್ಪು ಹಾಕಬೇಡಿ.

ಮಲ್ಪೆ ಟೀಚರ್: ತಲೆಗೆರೆ ಇರುವ ಜಾಗ ಪೂರ್ತಿ ಬೂದಿ ಬಣ್ಣ ಮಾಸ್ಟ್ರೇ. 4ರ ಮೇಲೆ ದಶಕವನ್ನೂ ಬರೆದಿಲ್ಲ.

ಸುರತ್ಕಲ್ ಟ್ಯೂಷನ್: ಹಾಗಾದರೆ ಇನ್ನೊಂದು ಫೋಟೋ ಕೇಳಿ.

ಕಾಪು ಮಾಸ್ಟ್ರು: ಕೇಳಿ, ಆದರೆ ಕಿಟಕಿ ಬದಿಯಲ್ಲಿ ಹಾಳೆ ಇಟ್ಟು, ಫ್ಲಾಶ್ ಇಲ್ಲದೆ ತೆಗೆಯಲಿ. ಬೆಳಕು ಓರೆಯಾಗಿ ಬಿದ್ದರೆ ಪೆನ್ಸಿಲ್ ಒತ್ತಿದ ಗುಳಿ ಕಾಣುತ್ತದೆ, ಉಜ್ಜಿದ ಕಲೆಗೆ ಗುಳಿ ಇರುವುದಿಲ್ಲ. ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲಿ, ಫೋಟೋ ಆಗಿ ಕಳಿಸಿದರೆ ಸಣ್ಣ ಗೆರೆ ಹಾಳಾಗುತ್ತದೆ.

ಆಗಲೂ ಗೊತ್ತಾಗದಿದ್ದರೆ ಸರಿಯೂ ಬೇಡ, ತಪ್ಪೂ ಬೇಡ. ಎರಡು ಓದಿನಲ್ಲಿ ಒಂದು ಸರಿ, ಒಂದು ತಪ್ಪು ಆದಾಗ ಮಾತ್ರ ಹೀಗೆ ಬಿಡಬೇಕು. 375 ಅಥವಾ 395 ಅಂತ ಅನುಮಾನ ಇದ್ದಿದ್ದರೆ ಹೇಗೆ ಓದಿದರೂ ತಪ್ಪೇ, ಅಲ್ಲಿ ಕಾಯುವ ಕೆಲಸ ಇಲ್ಲ.

ಕದ್ರಿ ಅಮ್ಮ: ಮತ್ತೆ ಕೇಳಿದರೆ ಮನೆಯವರು ತಿದ್ದಿ ಕಳಿಸುವುದಿಲ್ವಾ?

ಕಾಪು ಮಾಸ್ಟ್ರು: ಅದೂ ಉಂಟು. ಹಾಗಾಗಿ ಶಾಲೆ ಶುರುವಾದ ದಿನ ಎದುರಲ್ಲೇ 358 + 126 ಕೊಡಿ. 484 ಬಂದರೆ ದಶಕ ಗೊತ್ತುಂಟು, 474 ಬಂದರೆ ಇಲ್ಲ. ಉಜ್ಜಿದ ಲೆಕ್ಕ ಬಿಟ್ಟು ಈಗಿನ ಅಂಕ 9ಕ್ಕೆ ಬರೆಯಿರಿ.

ಮಲ್ಪೆ ಟೀಚರ್: ಉಳಿದವರಿಗೆಲ್ಲ 10ಕ್ಕೆ ಬರೆದಿದ್ದೇನೆ. ಒಬ್ಬನಿಗೆ ಮಾತ್ರ 9 ಅಂದರೆ ನ್ಯಾಯವಾ?

ಸುರತ್ಕಲ್ ಟ್ಯೂಷನ್: ನ್ಯಾಯ ಅನಿಸುವುದಿಲ್ಲ. ಶಾಲೆ ಶುರುವಾಗುವವರೆಗೆ ಅಂಕವನ್ನೇ ಹಾಕಬೇಡಿ.