ಪದಚರ್ಚೆ: ಬೆಳಕು ದೇಹದ ಗಡಿಯಾರನ ‘ಮುಂದೂಡುತ್ತೆ’ ಅಂದ್ರೆ ಬೇಗನಾ, ತಡನಾ?

ವಿನುತಾ:
ಎಲ್ಲರಿಗೂ ನಮಸ್ಕಾರ. ನೈಟ್ ಶಿಫ್ಟ್ ಮಾಡೋ ನರ್ಸ್‌ಗಳಿಗೆ ಅಂತ ಒಂದು ಕೈಪಿಡಿ ಕನ್ನಡಕ್ಕೆ ತರ್ತಾ ಇದೀವಿ, ಅದ್ರಲ್ಲಿ ‘ಫೇಸ್ ಅಡ್ವಾನ್ಸ್’, ‘ಫೇಸ್ ಡಿಲೇ’, ಅಂದ್ರೆ ದೇಹದ ಗಡಿಯಾರ ಬೇಗ ಆಗೋದು, ತಡ ಆಗೋದು, ಅಂತ ಪುಟಪುಟಕ್ಕೂ ಬರುತ್ತೆ. ಮೊದಲ ಕರಡಲ್ಲಿ "ಬೆಳಗಿನ ಬೆಳಕು ದೇಹದ ಗಡಿಯಾರವನ್ನು ಮುಂದೂಡುತ್ತದೆ" ಅಂತಿದೆ. ಓದಿದ ತಕ್ಷಣ ನಂಗೆ ಪರೀಕ್ಷೆ ಮುಂದೂಡಿದ್ರು ಅನ್ನೋ ಥರ, ತಡ ಆಗುತ್ತೆ ಅಂತಲೇ ಅನ್ನಿಸ್ತು. ಮೂಲದಲ್ಲಿರೋದು ಅದರ ಉಲ್ಟಾ. ಏನು ಹಾಕೋಣ? ಮೆದುಳಲ್ಲಿ ಈ ಗಡಿಯಾರ ನಡೆಸೋ ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್‌ಗೂ, ಅಂದ್ರೆ ಎಸ್‌ಸಿಎನ್‌ಗೂ, ಒಂದು ಹೆಸರು ಬೇಕಿತ್ತು.

ಶ್ರೀಧರ:
‘ಮುಂದೂಡು’ ಸರಿಯಾಗೇ ಇದೆ ಮೇಡಂ, ಗಡಿಯಾರದ ಮುಳ್ಳು ಮುಂದೆ ತಿರುಗಿಸಿದ್ರೆ ಬೆಳಗು ಬೇಗ ಆಗುತ್ತಲ್ವಾ. ಬೆಳಕು ಬಿದ್ರೆ ಮುಂದೆ, ಕತ್ತಲಲ್ಲಿದ್ರೆ ಹಿಂದೆ, ಇಷ್ಟು ಹೇಳಿದ್ರೆ ಸಾಕು. ಹೆಸರಿಗೆ ‘ಕಣ್ನರಕೂಟದ ಮೇಲ್ಗಂಟು’ ಅನ್ನಬಹುದು.

ಅನಸೂಯ:
ಶ್ರೀಧರ್ ಅವ್ರೇ, ಮುಳ್ಳಿನ ಮಾತು ಸರಿ, ಆದ್ರೆ ಬೆಳಕು ಯಾವಾಗ್ಲೂ ಒಂದೇ ಕಡೆ ತಳ್ಳಲ್ಲ, ನರ್ಸ್‌ಗಳು ಎಡವೋದೇ ಇಲ್ಲಿ. ಎರಡೂ ಕಣ್ಣಿನ ನರ ಅಡ್ಡ ಹಾಯೋ ಜಾಗದ ಮೇಲೇನೇ ಎರಡು ಪುಟ್ಟ ಗಂಟು ಇವೆ, ವಿನುತಾ ಕೇಳಿದ ನ್ಯೂಕ್ಲಿಯಸ್ ಅದೇ, ಎರಡೂ ಸೇರಿ ಸುಮಾರು 20,000 ನರಕೋಶ. ಹೊರಗಿನ ಸುಳಿವು ಏನೂ ಇಲ್ಲದಿದ್ರೂ ಅವು ತಮ್ಮಷ್ಟಕ್ಕೆ ದಿನದ ಲೆಕ್ಕ ಇಡ್ತವೆ, ಆದ್ರೆ ಹೆಚ್ಚಿನವರಲ್ಲಿ ಆ ದಿನ 24 ಗಂಟೆಗಿಂತ ಒಂದು ಹತ್ತು ನಿಮಿಷ ಉದ್ದ, ಅದಕ್ಕೇ ದಿನಾ ತಿದ್ದಬೇಕು. ತಿದ್ದೋ ಸುದ್ದಿ ಕೊಡೋದು ರೆಟಿನಾದ ಬೇರೆ ಒಂದು ಜಾತಿ ಕೋಶ, ಅದ್ರಲ್ಲಿ ಬೆಳಕು ಹಿಡಿಯೋ ಮೆಲನಾಪ್ಸಿನ್ ಅನ್ನೋ ವಸ್ತು ಇರುತ್ತೆ, ನೀಲಿ ಬೆಳಕಿಗೆ ಚುರುಕು. ಅದಿನ್ನೂ ಕೆಲಸ ಮಾಡ್ತಿದ್ರೆ ಕಣ್ಣು ಕಾಣದವರಲ್ಲೂ ಗಡಿಯಾರ ಸರಿಹೋಗುತ್ತೆ.

ಈಗ ದಿಕ್ಕಿನ ವಿಷ್ಯ. ಮೈ ಬಿಸಿ ತೀರಾ ಇಳಿಯೋ ಒಂದು ಹೊತ್ತಿದೆ, ರೂಢಿಯಲ್ಲಿ ಏಳೋ ಟೈಮ್‌ಗಿಂತ ಎರಡು ಮೂರು ಗಂಟೆ ಮೊದಲು. ಆರೂವರೆಗೆ ಏಳೋರಿಗೆ ನಾಲ್ಕು ಗಂಟೆ ಅಂತಿಟ್ಕೊಳ್ಳಿ. ಅದಕ್ಕಿಂತ ಮೊದಲು, ರಾತ್ರಿಯಲ್ಲಿ ಬಿದ್ದ ಬೆಳಕು ಗಡಿಯಾರನ ತಡ ಮಾಡುತ್ತೆ, ನಾಳೆ ನಿದ್ದೆ ಲೇಟಾಗಿ ಬರುತ್ತೆ. ಅದು ದಾಟಿದ ಮೇಲೆ ಬಿದ್ರೆ ಬೇಗ ಮಾಡುತ್ತೆ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ಡ್ಯೂಟಿ ಅಂದ್ರೆ, ವಾರ್ಡಿನ ಲೈಟು ನಾಲ್ಕರವರೆಗೆ ತಡದ ಕಡೆ ತಳ್ಳುತ್ತೆ, ಹಗಲು ಮಲಗೋರಿಗೆ ಬೇಕಾಗಿರೋದೂ ಅದೇ. ಆಮೇಲೆ ಆರೂವರೆಗೆ ಬಿಸಿಲಲ್ಲಿ ಮನೆಗೆ ಹೋಗ್ತಾರೆ, ವಾರ್ಡಿಗಿಂತ ಎಷ್ಟೋ ಪಟ್ಟು ಜೋರು ಬೆಳಕು, ಅದು ವಾಪಸ್ ಎಳೆದುಬಿಡುತ್ತೆ. ಹೀಗಾಗಿ ಹತ್ತು ಗಂಟೆಗೆ ಮಲಗಿದ್ರೂ ಮಧ್ಯಾಹ್ನ ಒಂದಕ್ಕೇ ಎಚ್ಚರ. ಕಪ್ಪು ಕನ್ನಡಕ ಹಾಕ್ಕೊಂಡು ಹೋಗೋದು ಒಂದು ದಾರಿ, ಆದ್ರೆ ಬಸ್ಸಲ್ಲಿ ಹೋಗೋರಿಗೆ ಮಾತ್ರ ಅಂತ ಕೈಪಿಡೀಲಿ ದಯವಿಟ್ಟು ಬರೀರಿ, ನಿದ್ದೆಗಣ್ಣಲ್ಲಿ ಸ್ಕೂಟರ್ ಓಡಿಸೋರಿಗೆ ಅದು ಅಪಾಯ.

ಮಹೇಶ:
ಪದದ ಬಗ್ಗೆ ನಂಗೆ ಗೊತ್ತಿಲ್ಲ, ನನ್ನ ಕಥೆ ಕೇಳಿ. ಲಂಡನ್ನಲ್ಲಿ ಇರೋದು, ಹೋದ ಜುಲೈನಲ್ಲಿ ಬೆಂಗಳೂರಿಗೆ ಬಂದಾಗ ಬೆಳಿಗ್ಗೆ ಬಿಸಿಲಿಗೆ ಹೋದ್ರೆ ಜೆಟ್ ಲ್ಯಾಗ್ ಹೋಗುತ್ತೆ ಅಂತ ಎಲ್ರೂ ಅಂದ್ರು, ಇಳಿದ ದಿನಾನೇ ಆರು ಗಂಟೆಗೆ ಲಾಲ್‌ಬಾಗಿಗೆ ವಾಕಿಂಗ್ ಹೋದೆ, ಆಮೇಲೆ ರಾತ್ರಿ ಮೂರಾದ್ರೂ ನಿದ್ದೆ ಇಲ್ಲ. ಹಾಗಾದ್ರೆ ಬಿಸಿಲಿನ ಮಾತು ಸುಳ್ಳಾ?

ಅನಸೂಯ:
ಸುಳ್ಳಲ್ಲ ಮಹೇಶ್, ಹೊತ್ತು ತಪ್ಪಿತು ಅಷ್ಟೇ. ಜುಲೈನಲ್ಲಿ ಅಂತರ ನಾಲ್ಕೂವರೆ ಗಂಟೆ. ಇಲ್ಲಿ ಆರು ಅಂದ್ರೆ ನಿಮ್ಮ ಮೈಗೆ ಇನ್ನೂ ಮಧ್ಯರಾತ್ರಿ ಒಂದೂವರೆ, ಆಗ ಬಿದ್ದ ಬಿಸಿಲು ಇನ್ನಷ್ಟು ತಡ ಮಾಡಿದ್ದಿರಬೇಕು. ನಿಮ್ಮ ನಾಲ್ಕು ಗಂಟೆ ಇಲ್ಲಿ ಎಂಟೂವರೆಗೆ ಬರುತ್ತೆ. ಒಂಬತ್ತೂವರೆವರೆಗೂ ಒಳಗೇ ಮಂದ ಬೆಳಕಲ್ಲಿದ್ದು ಆಮೇಲೆ ಹೊರಗೆ ಹೋಗಬೇಕಿತ್ತು. ಗಡಿಯಾರ ದಿನಕ್ಕೆ ಹೆಚ್ಚುಕಡಿಮೆ ಒಂದು ಗಂಟೆ ಸರಿಯುತ್ತೆ, ಮಾರನೇ ದಿನದಿಂದ ಅಷ್ಟಷ್ಟೇ ಬೇಗ ಹೋಗ್ತಾ ಬರಬಹುದು.

ಶ್ರೀಧರ:
ಇದನ್ನ ಓದಿದ ಮೇಲೆ ಅನ್ನಿಸ್ತಿದೆ, ಮುಂದೆ ಹಿಂದೆ ಎರಡೂ ಬೇಡ. ‘ಬೇಗಕ್ಕೆ ಸರಿಸು’, ‘ತಡಕ್ಕೆ ಸರಿಸು’ ಅಂದ್ರೆ ಯಾರಿಗೂ ಗೊಂದಲ ಆಗಲ್ಲ. ಮೇಲ್ಗಂಟು ಮಾತ್ರ ಬಿಡಲ್ಲ.

ವಿನುತಾ:
‘ಬೇಗಕ್ಕೆ, ತಡಕ್ಕೆ’ ತಗೊಂಡೆ ಸರ್. ಮೇಲ್ಗಂಟು ಅಂದ್ರೆ ನರ್ಸ್‌ಗಳು ಗೆಡ್ಡೆ ಅನ್ಕೋಬಹುದು ಅನ್ನೋ ಭಯ ಇದೆ, ಸದ್ಯ ಎಸ್‌ಸಿಎನ್ ಅಂತಲೇ ಇಡ್ತೀನಿ, ಬೇರೆ ಹೆಸರು ಹೊಳೆದವರು ಬರೀರಿ. ಅನಸೂಯ ಮೇಡಂ, ಇನ್ನೊಂದು: ನಮ್ಮ ಕೈಪಿಡಿ ನಾಲ್ಕು ಗಂಟೆ ಅಂತ ಟೇಬಲ್ ಹಾಕಿಬಿಟ್ಟಿದೆ. ಮೂರು ನೈಟ್, ಎರಡು ರಜಾ, ಮತ್ತೆ ಡೇ ಶಿಫ್ಟ್ ಮಾಡೋರಿಗೂ ಅದೇನಾ?

ಅನಸೂಯ:
ಇಲ್ಲ, ಆ ಟೇಬಲ್ ಮೊದಲ ನೈಟ್‌ಗೆ ಮಾತ್ರ ನಂಬಬಹುದು. ಆಮೇಲೆ ಯಾರದು ಎಷ್ಟು ಸರಿದಿದೆ ಅಂತ ತಿಳೀಬೇಕಾದ್ರೆ ಮಂದ ಬೆಳಕಲ್ಲಿ ಕೂರಿಸಿ ಗಂಟೆಗೊಂದು ಸಲ ಎಂಜಲು ತಗೊಂಡು ರಾತ್ರಿ ಹೊತ್ತಿನ ಹಾರ್ಮೋನು ಮೆಲಟೋನಿನ್ ಏರೋ ಹೊತ್ತು ನೋಡಬೇಕು, ವಾರ್ಡಲ್ಲಿ ಅದು ಆಗೋ ಮಾತಲ್ಲ. ಟೇಬಲ್ ಮೇಲೆ ‘ಮೊದಲ ರಾತ್ರಿಗೆ’ ಅಂತ ಹಾಕಿ. ಎರಡೇ ಮೂರೇ ನೈಟ್ ಮಾಡೋರು ಸರಿಸೋಕೆ ಹೋಗಬೇಕಾ, ಇಲ್ಲ ಹಗಲಿನ ಲೆಕ್ಕದಲ್ಲೇ ಉಳಿದು ಡ್ಯೂಟಿಗೆ ಮೊದಲು ಒಂದು ಸಣ್ಣ ನಿದ್ದೆ ಮಾಡೋದು ವಾಸಿನಾ ಅನ್ನೋದ್ರಲ್ಲಿ ನಾನು ಎರಡನೇದರ ಕಡೆ, ಒಪ್ಪದವರೂ ಇದಾರೆ.